ಕರೆಯದೆ ಎದ್ದೇಳುವ ವಾಯ್ಸ್ ಅಸಿಸ್ಟೆಂಟ್: ಅದು ಕೇಳಿಸಿಕೊಂಡಿತೋ, ಯಾರಾದರೂ ಒತ್ತಿದರೋ?

ಭಾನುವಾರ ಮಧ್ಯಾಹ್ನ. ಊಟ ಮುಗಿದು ಹಾಲ್‌ನಲ್ಲಿ ಹರಟೆ ನಡೆದಿತ್ತು. ಅತ್ತೆ ಯಾರದೋ ಮದುವೆಯ ಮಾತು ತೆಗೆದಿದ್ದರು. ಅಷ್ಟರಲ್ಲಿ ಟಿವಿ ಸ್ಟ್ಯಾಂಡಿನ ಮೇಲಿದ್ದ ಸ್ಪೀಕರ್ "ಸಾರಿ, ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್" ಅಂದಿತು. ಎಲ್ಲರೂ ಸುಮ್ಮನಾದರು. ಆಮೇಲೆ ಅತ್ತೆ ಕೇಳಿದರು: "ಇದು ಇಷ್ಟೊತ್ತೂ ಕೇಳಿಸ್ಕೊಳ್ತಾ ಇತ್ತಾ?"

ಇಂಥ ಸಮಯದಲ್ಲಿ ಹೆಚ್ಚಿನವರು ಮಾಡುವುದು ಎರಡೇ. ಸೆಟ್ಟಿಂಗ್ಸ್‌ಗೆ ಹೋಗಿ ಹಾಟ್‌ವರ್ಡ್‌ನ, ಅಂದರೆ "ಹೇ ಗೂಗಲ್" ಥರದ ಎಬ್ಬಿಸುವ ಕರೆಯ, ಸೆನ್ಸಿಟಿವಿಟಿಯನ್ನು ಪೂರ್ತಿ ಕೆಳಗೆ ಎಳೆಯುತ್ತಾರೆ, ಇಲ್ಲವೇ ಮೈಕ್ ಪರ್ಮಿಷನ್ ಕಿತ್ತು ಹಾಕುತ್ತಾರೆ. ಎರಡರಿಂದಲೂ ಹೊಸ ತಲೆನೋವು ಬರುತ್ತದೆ. ಸೆನ್ಸಿಟಿವಿಟಿ ಇಳಿಸಿದರೆ ನಿಜವಾಗಿ ಕರೆದಾಗಲೂ ಅದು ಏಳುವುದಿಲ್ಲ. ಪರ್ಮಿಷನ್ ತೆಗೆದರೆ ದನಿಯಲ್ಲಿ ಟೈಪ್ ಮಾಡುವುದು, ಹುಡುಕುವುದು ಎಲ್ಲಾ ನಿಲ್ಲಬಹುದು. ಅದಕ್ಕಿಂತ ಮುಖ್ಯವಾಗಿ, ಅದು ನಿಮ್ಮ ಮಾತು ಕೇಳಿ ಎದ್ದಿರದಿದ್ದರೆ ಇವೆರಡರಿಂದ ಏನೂ ಆಗುವುದಿಲ್ಲ. ಹಾಗಾಗಿ ಮೊದಲು ಅದು ಯಾಕೆ ಎದ್ದಿತು ಅಂತ ಪತ್ತೆ ಮಾಡೋಣ. ಇದಕ್ಕೆ ಖರ್ಚೇನಿಲ್ಲ.

## ಏನನ್ನೂ ಬದಲಿಸುವ ಮೊದಲು: ಎರಡು ದಿನದ ಪಟ್ಟಿ

ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ. ತಾನಾಗಿ ಎದ್ದಾಗಲೆಲ್ಲ ಹೊತ್ತು, ಎದ್ದದ್ದು ಫೋನೋ ಸ್ಪೀಕರ್ರೋ, ಆ ಕ್ಷಣ ಏನು ನಡೆಯುತ್ತಿತ್ತು ಎಂಬುದನ್ನು ಬರೆಯಿರಿ. "ಸಂಜೆ 7:40, ಸ್ಪೀಕರ್, ಟಿವಿ ಆನ್ ಇತ್ತು" ಅಂತಿದ್ದರೆ ಸಾಕು.

ಎಷ್ಟೋ ಸಲ ಅದು ಎದ್ದು, ಏನೂ ಮಾತಾಡದೆ ಮಲಗುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಎದ್ದ ಕೂಡಲೇ ಸದ್ದು ಮಾಡುವ ಹಾಗೆ ಇಡಿ. ಗೂಗಲ್ ಸ್ಪೀಕರ್ ಆದರೆ ಹೋಮ್ ಆ್ಯಪ್‌ನಲ್ಲಿ ಆ ಸ್ಪೀಕರ್‌ನ ಸೆಟ್ಟಿಂಗ್ಸ್ ತೆರೆದು `Accessibility` ಒಳಗೆ `Play start sound` ಆನ್ ಮಾಡಿ. ಅಲೆಕ್ಸಾ ಆದರೆ ಆ್ಯಪ್‌ನಲ್ಲಿ ಆ ಸಾಧನದ ಸೆಟ್ಟಿಂಗ್ಸ್‌ನಲ್ಲಿ ಸದ್ದುಗಳ ಪಟ್ಟಿಯೊಳಗೆ `Start of Request` ಇರುತ್ತದೆ. ಇದನ್ನು ಆನ್ ಮಾಡಿದ ಮೊದಲ ದಿನ "ಅಯ್ಯೋ, ಇಷ್ಟು ಸಲನಾ?" ಅನ್ನಿಸಿದರೆ ಗಾಬರಿಯಾಗಬೇಡಿ. ಮೊದಲೂ ಅಷ್ಟೇ ಸಲ ಏಳುತ್ತಿತ್ತು, ಈಗ ಕೇಳಿಸುತ್ತಿದೆ ಅಷ್ಟೆ.

ನಿಮ್ಮ ಚೀಟಿಯ ಜೊತೆಗೆ ಕಂಪನಿಯೂ ಒಂದು ಪಟ್ಟಿ ಇಟ್ಟಿರುತ್ತದೆ. ಗೂಗಲ್‌ನದು ಇಲ್ಲಿದೆ:

```
myactivity.google.com/product/assistant
```

ಅಲೆಕ್ಸಾದಲ್ಲಿ `Settings` ಒಳಗೆ `Alexa Privacy`, ಅದರೊಳಗೆ `Review Voice History`. ಈ ಪಟ್ಟಿಯನ್ನು ಓದುವುದೇ ಒಂದು ಮಜಾ. ಅಸಿಸ್ಟೆಂಟ್ ಭಾಷೆ ಇಂಗ್ಲಿಷ್ ಇದ್ದರೆ ನಮ್ಮ ಕನ್ನಡವನ್ನು ಅದು ಇಂಗ್ಲಿಷ್ ಪದಗಳಿಗೆ ಹೊಂದಿಸಿ ಬರೆದುಕೊಂಡಿರುತ್ತದೆ. ನಮ್ಮ ಮನೆಯ ಪಟ್ಟಿಯಲ್ಲಿ ಒಂದು ಕಡೆ `better be do` ಅಂತಿತ್ತು. ಜೋರಾಗಿ ಓದಿದಾಗ ಹೊಳೆಯಿತು: "ಬೇಡ ಬಿಡು". ಅರ್ಥವಾಗದ ಇಂಗ್ಲಿಷ್ ಕಂಡರೆ ನೀವೂ ಹಾಗೇ ಬಾಯಿಬಿಟ್ಟು ಓದಿ. ಯಾರ ಯಾವ ಮಾತಿಗೆ ಅದು ಎದ್ದಿತ್ತು ಅಂತ ಸಿಕ್ಕಿಬಿಡುತ್ತದೆ. ಗೂಗಲ್ ಪಟ್ಟಿ ಖಾಲಿ ಇದ್ದರೆ ನಿಮ್ಮ ಖಾತೆಯಲ್ಲಿ `Web & App Activity` ಆಫ್ ಇರಬಹುದು. ಆಗ ಫ್ರಿಜ್ ಮೇಲಿನ ಚೀಟಿಯೇ ಗತಿ.

## "ಯಾರೂ ಮಾತೇ ಆಡಿರಲಿಲ್ಲ, ಫೋನ್ ತಾನೇ ಎದ್ದಿತು"

ಸದ್ದಿಲ್ಲದ ಕೋಣೆಯಲ್ಲಿ, ಜೇಬಿನಲ್ಲಿ, ಸ್ಕೂಟರಿನಲ್ಲಿ ಹೋಗುವಾಗ ಎದ್ದರೆ ಹಾಟ್‌ವರ್ಡ್‌ನ ಮೇಲೆ ಅನುಮಾನ ಬೇಡ. ಯಾವುದೋ ಗುಂಡಿ ಒತ್ತಿದಂತಾಗಿದೆ.

ಆಂಡ್ರಾಯ್ಡ್ ಫೋನಿನಲ್ಲಿ ಅಸಿಸ್ಟೆಂಟನ್ನು ಎಬ್ಬಿಸಲು ಹಲವು ದಾರಿಗಳಿವೆ. ಪವರ್ ಬಟನ್ ಒತ್ತಿ ಹಿಡಿಯುವುದು, ಪರದೆಯ ಮೂಲೆಯಿಂದ ಬೆರಳು ಎಳೆಯುವುದು, ಬ್ಲೂಟೂತ್ ಇಯರ್‌ಬಡ್ ಒತ್ತಿ ಹಿಡಿಯುವುದು. ಬಿಗಿ ಕವರ್ ಹಾಕಿದ ಫೋನ್ ಜೀನ್ಸ್ ಜೇಬಿನಲ್ಲಿ ಕೂತರೆ ಪವರ್ ಬಟನ್ ತಾನೇ ಒತ್ತಿಕೊಳ್ಳುತ್ತದೆ. ಕವರ್ ತೆಗೆದು ಒಂದು ದಿನ ನೋಡಿ. ಪವರ್ ಬಟನ್ನಿನ ಕೆಲಸವನ್ನು ಸೆಟ್ಟಿಂಗ್ಸ್‌ನ `Gestures` ಭಾಗದಲ್ಲಿ ಬದಲಿಸಬಹುದು.

ಆದರೆ ನಾನು ಜಾಸ್ತಿ ನೋಡಿರುವುದು ವೈರ್ ಇಯರ್‌ಫೋನಿನ ತೊಂದರೆ. ವೈರಿನಲ್ಲಿರುವ ಪುಟ್ಟ ಗುಂಡಿ ಮಾಡುವ ಕೆಲಸ ತುಂಬಾ ಸರಳ. ಒತ್ತಿದಾಗ ಮೈಕ್‌ನ ತಂತಿಯನ್ನೂ ಗ್ರೌಂಡ್ ತಂತಿಯನ್ನೂ ಒಂದಕ್ಕೊಂದು ತಾಗಿಸುತ್ತದೆ. ಒಂದು ಗಳಿಗೆ ತಾಗಿದರೆ ಹಾಡು ನಿಲ್ಲಬೇಕು, ತುಸು ಹೊತ್ತು ತಾಗಿಯೇ ಇದ್ದರೆ ಅಸಿಸ್ಟೆಂಟ್ ಏಳಬೇಕು ಅಂತ ಆಂಡ್ರಾಯ್ಡ್‌ನಲ್ಲಿ ನಿಯಮವಿದೆ. ಈಗ ಜ್ಯಾಕ್‌ನ ತೂತಿನಲ್ಲಿ ಬೆವರೋ, ಮಳೆಯ ತೇವವೋ, ಜೇಬಿನ ಧೂಳಿನ ಉಂಡೆಯೋ ಸೇರಿದರೆ ಅದೇ ಎರಡು ತಂತಿಗಳ ನಡುವೆ ಕರೆಂಟು ಹರಿಯುತ್ತದೆ. ಫೋನಿಗೆ ಅದು ಬೆರಳೋ ಬೆವರೋ ಗೊತ್ತಾಗುವುದಿಲ್ಲ. ಪಿನ್ ಹತ್ತಿರ ಮಡಚಿ ಮಡಚಿ ವೈರ್ ಒಳಗೇ ಸವೆದಿದ್ದರೂ ಇದೇ ಕತೆ.

ಗುರುತಿಸುವುದು ಸುಲಭ. ಅಸಿಸ್ಟೆಂಟ್ ಏಳುವುದರ ಜೊತೆಗೆ ಹಾಡು ತಾನೇ ನಿಲ್ಲುವುದು, ವಾಲ್ಯೂಮ್ ಏರಿಳಿಯುವುದು, ಕರೆ ಕಟ್ ಆಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಜ್ಯಾಕ್ ಅಥವಾ ವೈರ್ ಅಂತ ತಿಳಿಯಿರಿ. ಬೇರೆಯವರ ಇಯರ್‌ಫೋನ್ ಹಾಕಿ ನೋಡಿ. ತೊಂದರೆ ಹೋದರೆ ನಿಮ್ಮ ವೈರ್ ಕೆಟ್ಟಿದೆ, ಹೊಸದು ಕೊಳ್ಳಿ. ಇಯರ್‌ಫೋನ್ ಪೂರ್ತಿ ತೆಗೆದ ಮೇಲೂ ಪರದೆಯ ಮೇಲೆ ಹೆಡ್‌ಫೋನ್ ಚಿಹ್ನೆ ಉಳಿದಿದ್ದರೆ ತೂತಿನಲ್ಲೇ ಕೊಳೆ ಅಥವಾ ತುಕ್ಕು ಇದೆ. ಫೋನ್ ಆಫ್ ಮಾಡಿ, ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಒಂದು ರಾತ್ರಿ ಗಾಳಿಗೆ ಬಿಡಿ. ಸೂಜಿ, ಸೇಫ್ಟಿ ಪಿನ್ ಹಾಕಬೇಡಿ. ಒಳಗಿನ ಸ್ಪ್ರಿಂಗ್ ಪಟ್ಟಿ ಬಾಗಿದರೆ ಜ್ಯಾಕೇ ಬದಲಿಸಬೇಕಾಗುತ್ತದೆ. ಇಷ್ಟಕ್ಕೂ ಸರಿಹೋಗದಿದ್ದರೆ ಇಲ್ಲೇ ನಿಲ್ಲಿಸಿ, ರಿಪೇರಿ ಅಂಗಡಿಗೆ ಕೊಡಿ. ಕೆಳಗಿನ ಯಾವ ಸೆಟ್ಟಿಂಗ್‌ನಿಂದಲೂ ತುಕ್ಕು ಹೋಗುವುದಿಲ್ಲ.

## "ಕೇಳಿದ್ದಕ್ಕೆ ಉತ್ತರ ಹೇಳಿತು, ಆಮೇಲೆ ನಮ್ಮ ಮಾತಿಗೂ ಬಾಯಿ ಹಾಕಿತು"

ಇದು ದೋಷವೇ ಅಲ್ಲ. ಪ್ರತಿ ಸಲ ಹೆಸರು ಹಿಡಿದು ಕರೆಯುವ ಕಷ್ಟ ಬೇಡ ಅಂತ, ಉತ್ತರ ಹೇಳಿದ ಮೇಲೂ ಕೆಲವು ಸೆಕೆಂಡ್ ಮೈಕ್ ತೆರೆದಿಡುವ ಸೌಲಭ್ಯವಿದೆ. ಗೂಗಲ್‌ನಲ್ಲಿ ಅದರ ಹೆಸರು `Continued Conversation`, ಅಲೆಕ್ಸಾದಲ್ಲಿ `Follow-Up Mode`. ಮಳೆ ಬರುತ್ತಾ ಅಂತ ನೀವು ಕೇಳುತ್ತೀರಿ, ಅದು ಹೇಳುತ್ತದೆ, ಕೂಡಲೇ ನೀವು ಮಗಳ ಕಡೆ ತಿರುಗಿ "ಛತ್ರಿ ತಗೊಂಡ್ಯಾ?" ಅನ್ನುತ್ತೀರಿ. ಅದು ತನ್ನನ್ನೇ ಕೇಳಿದರು ಅಂದುಕೊಳ್ಳುತ್ತದೆ.

ನಿಮ್ಮ ಚೀಟಿಯಲ್ಲಿ ಸುಳ್ಳು ಎಚ್ಚರಗಳು ನಿಜವಾದ ಪ್ರಶ್ನೆಗಳ ಬೆನ್ನಿಗೇ ಬಂದಿದ್ದರೆ ಇದೇ ಕಾರಣ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರು ಹುಡುಕಿ ಆಫ್ ಮಾಡಿ. ಸೆನ್ಸಿಟಿವಿಟಿಗೂ ಇದಕ್ಕೂ ಸಂಬಂಧವಿಲ್ಲ, ಯಾಕೆಂದರೆ ಇಲ್ಲಿ ಯಾರೂ ಅದನ್ನು ಕರೆದೇ ಇಲ್ಲ, ಬಾಗಿಲು ತೆರೆದೇ ಇತ್ತು.

## "ಟಿವಿ ಹಾಕಿದಾಗ ಮಾತ್ರ"

ಸ್ಪೀಕರಿಗೆ ಜಾಗ ಅಂತ ಹುಡುಕಿದಾಗ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಟಿವಿ ಸ್ಟ್ಯಾಂಡು. ಪ್ಲಗ್ ಅಲ್ಲೇ ಇರುತ್ತದಲ್ವಾ! ಆದರೆ ಅಲ್ಲಿಟ್ಟರೆ ಟಿವಿಯ ದನಿ ಅದರ ಕಿವಿಗೆ ಒಂದು ಅಡಿ ದೂರದಿಂದ, ನಿಮ್ಮ ದನಿ ಹತ್ತು ಅಡಿ ದೂರದಿಂದ ಕೇಳಿಸುತ್ತದೆ. ಮೂಲೆಯಲ್ಲಿಟ್ಟರೆ ಎರಡು ಗೋಡೆಗೆ ಬಡಿದ ಸದ್ದೂ ಬಂದು ಸೇರುತ್ತದೆ.

ಟಿವಿ ಎದುರಿನ ಗೋಡೆಯ ಕಡೆಗೆ, ನೀವು ಕೂರುವ ಜಾಗದ ಹತ್ತಿರಕ್ಕೆ ಸರಿಸಿ. ಮೂಲೆಯಿಂದ ಒಂದು ಗೇಣಾದರೂ ಈಚೆ ಇರಲಿ. ಎಕ್ಸ್‌ಟೆನ್ಶನ್ ಬಾಕ್ಸ್ ತಂದಾದರೂ ಸರಿ, ಇದನ್ನು ಮೊದಲು ಮಾಡಿ, ಎರಡು ಸಂಜೆ ಚೀಟಿ ನೋಡಿ. ಟಿವಿಗೆ ಎದ್ದೇಳುವ ಸ್ಪೀಕರನ್ನು ಸರಿಸದೆ ಬರೀ ಸೆನ್ಸಿಟಿವಿಟಿ ಇಳಿಸಿದರೆ, ಹತ್ತಿರದ ಟಿವಿ ಅದಕ್ಕೆ ಕೇಳುತ್ತಲೇ ಇರುತ್ತದೆ, ದೂರದ ನೀವು ಕೇಳದೆ ಹೋಗುತ್ತೀರಿ.

## "ನಾವು ನಮ್ಮ ನಮ್ಮಲ್ಲಿ ಮಾತಾಡುವಾಗ"

ಈಗ ನಿಜವಾದ ಹಾಟ್‌ವರ್ಡ್ ತೊಂದರೆಗೆ ಬಂದೆವು. ಇಲ್ಲಿ ಅದರ ಒಳಗಿನ ಕೆಲಸ ಸ್ವಲ್ಪ ಗೊತ್ತಿರಬೇಕು.

ಸಾಧನದೊಳಗೆ ತುಂಬಾ ಕಡಿಮೆ ಕರೆಂಟು ತಿನ್ನುವ ಒಂದು ಸಣ್ಣ ಪತ್ತೆಗಾರ ಸದಾ ಎಚ್ಚರವಿರುತ್ತದೆ. ಕೊನೆಯ ಕೆಲವು ಸೆಕೆಂಡಿನ ಸದ್ದನ್ನಷ್ಟೇ ಇಟ್ಟುಕೊಂಡು, ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಅದಕ್ಕೆ ಭಾಷೆ ಗೊತ್ತಿಲ್ಲ. "ಈ ಸದ್ದಿನ ಆಕಾರ ನನ್ನ ಹೆಸರಿನ ಆಕಾರಕ್ಕೆ ಎಷ್ಟು ಹತ್ತಿರ?" ಅಂತ ಅಂಕ ಹಾಕುವುದಷ್ಟೇ ಅದರ ಕೆಲಸ. ಅಂಕ ಒಂದು ಗೆರೆ ದಾಟಿದರೆ ಸಾಧನ ಏಳುತ್ತದೆ, ದೀಪ ಹತ್ತುತ್ತದೆ, ಮುಂದಿನ ಮಾತು ಕಂಪನಿಯ ಸರ್ವರಿಗೆ ಹೋಗುತ್ತದೆ. ಅತ್ತೆಯ ಪ್ರಶ್ನೆಗೆ ಉತ್ತರವೂ ಇದೇ: ಕಿವಿ ತೆರೆದೇ ಇರುತ್ತದೆ, ಆದರೆ ಮಾತು ಹೊರಗೆ ಹೋಗುವುದು ಎದ್ದ ಮೇಲೆ. ಸೆನ್ಸಿಟಿವಿಟಿ ಇಳಿಸುವುದು ಅಂದರೆ ಆ ಗೆರೆಯನ್ನು ಏರಿಸುವುದು. ಗೆರೆ ಏರಿದರೆ ಸುಳ್ಳು ಎಚ್ಚರ ಕಡಿಮೆ, ನಿಜವಾದ ಕರೆಗೆ ಓಗೊಡದಿರುವುದು ಜಾಸ್ತಿ. ಗೆರೆ ಇಳಿದರೆ ಉಲ್ಟಾ. ಎರಡೂ ಒಟ್ಟಿಗೆ ಸರಿಹೋಗುವ ಜಾಗ ಇಲ್ಲ.

ಆಕಾರ ಮಾತ್ರ ನೋಡುವುದರಿಂದ ಅರ್ಥ ಬೇರೆ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ಜರ್ಮನಿಯ ಬೋಕುಮ್‌ನ ರೂರ್ ವಿಶ್ವವಿದ್ಯಾಲಯದವರು ಮತ್ತು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2020ರಲ್ಲಿ ಇಂಥ ಪದಗಳನ್ನು ಹುಡುಕಿದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. "ಎಲೆಕ್ಷನ್" ಅಂದರೆ ಅಲೆಕ್ಸಾ ಏಳುತ್ತಿತ್ತು, "ಓಕೆ ಕೂಲ್" ಅಂದರೆ ಗೂಗಲ್ ಏಳುತ್ತಿತ್ತು, "ಎ ಸಿಟಿ" ಅಂದರೆ ಸಿರಿ.

ಅವರು ಹುಡುಕಿದ್ದು ಇಂಗ್ಲಿಷ್, ಜರ್ಮನ್, ಚೀನೀ ಭಾಷೆಗಳಲ್ಲಿ. ಕನ್ನಡದಲ್ಲಿ ನೀವೇ ಹುಡುಕಬೇಕು. ಕಿವಿಗೊಟ್ಟು ನೋಡಿದರೆ ಅನುಮಾನಕ್ಕೆ ಅರ್ಹವಾದ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. "ಓಕೆ ಗುರು" ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಸುವುದಿಲ್ಲ? "ಏ ಗೂಬೆ" ಅಂತ ಅಣ್ಣ ತಮ್ಮನನ್ನು ಬೈದರೆ ಅದರ ಮೊದಲರ್ಧ "ಹೇ ಗೂಗಲ್"ನ ಮೊದಲರ್ಧವೇ. "ಅಲ್ಲಿ ಎಕ್ಸಾಮ್ ಇದೆ" ಅನ್ನುವುದನ್ನು ನಾವು ಬಿಡಿಸಿ ಹೇಳುವುದಿಲ್ಲ, "ಅಲ್ಲೆಕ್ಸಾಮಿದೆ" ಅನ್ನುತ್ತೇವೆ. ಶಾಲೆಯ ಲೋಪಸಂಧಿ ಇಲ್ಲಿ ಬಂದು ಕಾಡುತ್ತದೆ. ಇನ್ನು "ಏ, ಸರಿ ಬಿಡು" ಅನ್ನದ ಕನ್ನಡಿಗರಿದ್ದಾರಾ? ಮನೆಯಲ್ಲಿ ಸಿರಿ ಅನ್ನುವ ಮಗಳಿದ್ದರಂತೂ ಐಫೋನ್ ಕಡೆ ಬೆರಳು ತೋರಿಸುವ ಹಾಗೇ ಇಲ್ಲ.

ಪಟ್ಟಿಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಸಿಕ್ಕರೆ ಸೆನ್ಸಿಟಿವಿಟಿಗಿಂತ ಮೊದಲು ಹಾಟ್‌ವರ್ಡನ್ನೇ ಬದಲಿಸಲು ಬರುತ್ತದಾ ನೋಡಿ. ಅಲೆಕ್ಸಾ ಆ್ಯಪ್‌ನಲ್ಲಿ ಸಾಧನದ ಸೆಟ್ಟಿಂಗ್ಸ್‌ನ `Wake Word` ಒಳಗೆ ಬೇರೆ ಹೆಸರು ಆರಿಸಬಹುದು. ಐಫೋನಿನಲ್ಲಿ ಬರೀ "ಸಿರಿ" ಅಂದರೂ ಏಳುವ ಆಯ್ಕೆ 2023ರಲ್ಲಿ ಬಂದ ಐಓಎಸ್ 17ರಿಂದ ಇದೆ. ನಿಮ್ಮ ಫೋನಿನಲ್ಲಿ ಅದು ಆನ್ ಇದ್ದರೆ "ಹೇ ಸಿರಿ" ಮಾತ್ರ ಇರಲಿ ಅಂತ ಬದಲಿಸಿ. ಹೆಸರು ಚಿಕ್ಕದಾದಷ್ಟೂ ಮೋಸ ಹೋಗುವುದು ಜಾಸ್ತಿ.

ಗೂಗಲ್ ಸ್ಪೀಕರ್ ಅಥವಾ ಡಿಸ್ಪ್ಲೇ ಆದರೆ. ಹೋಮ್ ಆ್ಯಪ್‌ನಲ್ಲಿ ಆ ಸಾಧನದ ಚೌಕವನ್ನು ಒತ್ತಿ ಹಿಡಿದು ಸೆಟ್ಟಿಂಗ್ಸ್ ತೆರೆಯಿರಿ. `Audio` ಒಳಗೆ `"Hey Google" sensitivity` ಸಿಗುತ್ತದೆ. ಒಂದು ತುದಿಯಲ್ಲಿ `Least sensitive`, ಇನ್ನೊಂದು ತುದಿಯಲ್ಲಿ `Most sensitive`. ಇದು ಸಾಧನಕ್ಕೊಂದರಂತೆ ಇರುತ್ತದೆ. ಅಡುಗೆಮನೆಯದನ್ನು ಬದಲಿಸಿದರೆ ಹಾಲ್‌ನದು ಬದಲಾಗುವುದಿಲ್ಲ.

ಒಂದೇ ಮೆಟ್ಟಿಲು ಇಳಿಸಿ. ಆಮೇಲೆ ಪರೀಕ್ಷೆ ಮಾಡಿ: ದಿನಾ ಎಲ್ಲಿಂದ ಕರೆಯುತ್ತೀರೋ ಅಲ್ಲೇ ನಿಂತು, ಮಾಮೂಲಿ ದನಿಯಲ್ಲಿ, ಹತ್ತು ಸಲ ಕರೆಯಿರಿ. ಫ್ಯಾನ್ ಆನ್ ಇರಲಿ, ದಿನವೂ ಹಾಗೇ ಇರುತ್ತದಲ್ಲ. ಹತ್ತಕ್ಕೆ ಒಂಬತ್ತು ಅಥವಾ ಹತ್ತು ಸಲ ಎದ್ದರೆ ಹಾಗೇ ಬಿಡಿ. ಎಂಟಕ್ಕಿಂತ ಕಡಿಮೆಯಾದರೆ ಒಂದು ಮೆಟ್ಟಿಲು ವಾಪಸ್ ಏರಿಸಿ. ಇದು ನಾನು ಇಟ್ಟುಕೊಂಡಿರುವ ಲೆಕ್ಕ, ಕಂಪನಿಯದಲ್ಲ. ಮನೆಯಲ್ಲಿ ಮೆತ್ತಗೆ ಮಾತಾಡುವ ಹಿರಿಯರಿದ್ದರೆ, ಮಕ್ಕಳಿದ್ದರೆ ಅವರ ಕೈಲೂ ಹತ್ತು ಸಲ ಕರೆಸಿ. ನಿಮ್ಮ ದಪ್ಪ ದನಿಗೆ ಎದ್ದದ್ದು ಅವರಿಗೆ ಏಳದೆ ಹೋಗಬಹುದು. ಎರಡು ಮೂರು ದಿನ ಚೀಟಿ ನೋಡಿದ ಮೇಲೆಯೇ ಮುಂದಿನ ಮೆಟ್ಟಿಲು.

ಒಂದು ತಪ್ಪು ತಿಳುವಳಿಕೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸ್ಪೀಕರಿನಲ್ಲಿ `Voice Match` ಹಾಕಿದರೆ ತಮ್ಮ ದನಿಗೆ ಮಾತ್ರ ಅದು ಏಳುತ್ತದೆ ಅಂತ ಹಲವರು ನಂಬಿದ್ದಾರೆ. ಹಾಗಲ್ಲ. ಸ್ಪೀಕರ್ ಯಾರು ಕರೆದರೂ ಏಳುತ್ತದೆ. ನಿಮ್ಮ ಕ್ಯಾಲೆಂಡರ್‌ನಂಥ ಸ್ವಂತ ವಿಷಯ ಯಾರಿಗೆ ಹೇಳಬೇಕು ಅಂತ ತೀರ್ಮಾನಿಸಲು ಅದು ದನಿಯ ಗುರುತು ನೋಡುತ್ತದೆ, ಅಷ್ಟೆ.

ಆಂಡ್ರಾಯ್ಡ್ ಫೋನ್ ಆದರೆ. ಸೆನ್ಸಿಟಿವಿಟಿ ಏರಿಸಿ ಇಳಿಸುವ ಆಯ್ಕೆಯನ್ನು ಫೋನಿನಲ್ಲಿ ಹುಡುಕಬೇಡಿ. ಇಲ್ಲಿ ನಿಮ್ಮ ದನಿಯ ಮಾದರಿಗೆ ಹೋಲಿಸಿ ನೋಡಲಾಗುತ್ತದೆ, ಹಾಗಾಗಿ ಸರಿಪಡಿಸಬೇಕಾದದ್ದು ಆ ಮಾದರಿಯನ್ನು. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ `Voice Match` ಅಂತ ಬರೆಯಿರಿ. ಮೆನುಗಳ ಜಾಗ ಫೋನಿನಿಂದ ಫೋನಿಗೆ ಬೇರೆ, ಈಗ ಜೆಮಿನಿ ಬಂದ ಮೇಲೆ ಇನ್ನೂ ಕಲಸಿಹೋಗಿವೆ. ಒಳಗೆ ದನಿಯ ಮಾದರಿಯನ್ನು ಅಳಿಸುವ, ಮತ್ತೆ ಕಲಿಸುವ ಆಯ್ಕೆಗಳಿರುತ್ತವೆ. ಕಲಿಸುವಾಗ ಟಿವಿ, ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿಕೊಳ್ಳಿ. ಮೊದಲ ಸಲ ಫೋನ್ ಕೊಂಡ ದಿನ ಅಂಗಡಿಯ ಗದ್ದಲದಲ್ಲೇ ಕಲಿಸಿದ್ದರೆ, ಅಥವಾ ಮಗ ತಮಾಷೆಗೆ ತನ್ನ ದನಿ ಕೊಟ್ಟಿದ್ದರೆ ತೊಂದರೆ ಅಲ್ಲೇ ಶುರುವಾಗಿರುತ್ತದೆ. ಅಣ್ಣ ತಮ್ಮ, ಅಮ್ಮ ಮಗಳ ದನಿ ಒಂದೇ ಥರ ಇದ್ದರೆ ಮತ್ತೆ ಕಲಿಸಿದರೂ ಪೂರ್ತಿ ಸರಿಹೋಗುವುದಿಲ್ಲ.

## ನಮ್ಮ ಮನೆಯಲ್ಲಿ ಆದದ್ದು

ಮೇಲೆ ಹೇಳಿದ ಭಾನುವಾರದ ಮಾರನೇ ದಿನವೇ ನಾನು ಚೀಟಿ ಅಂಟಿಸಿದೆ. ಎರಡು ದಿನ ಸಾಲಲಿಲ್ಲ, ಒಂದು ವಾರ ಇಟ್ಟೆ. ಹನ್ನೊಂದು ಗೆರೆ ಬಿದ್ದವು.

ಅದರಲ್ಲಿ ಐದು, ಯಾರೋ ನಿಜವಾಗಿ ಏನೋ ಕೇಳಿದ ಅರ್ಧ ನಿಮಿಷದೊಳಗೆ. ನಾಲ್ಕು, ರಾತ್ರಿ ಎಂಟರಿಂದ ಒಂಬತ್ತರ ನಡುವೆ, ಧಾರಾವಾಹಿಯ ಹೊತ್ತು. ಉಳಿದ ಎರಡು ಸ್ಪೀಕರಿನದೇ ಅಲ್ಲ, ನನ್ನ ಫೋನಿನದು. ಎರಡೂ ಬೆಳಿಗ್ಗೆ ವಾಕಿಂಗ್‌ನಲ್ಲಿ, ಇಯರ್‌ಫೋನ್ ಹಾಕಿಕೊಂಡಿದ್ದಾಗ, ಹಾಡು ಗಕ್ಕನೆ ನಿಂತು ಅಸಿಸ್ಟೆಂಟ್ ತೆರೆದುಕೊಂಡಿತ್ತು.

ಉತ್ತರದ ನಂತರ ಮೈಕ್ ತೆರೆದಿಡುವುದನ್ನು ಆಫ್ ಮಾಡಿದೆ. ಆ ಐದರ ಗುಂಪು ಅಲ್ಲಿಗೆ ಮುಗಿಯಿತು. ಸ್ಪೀಕರನ್ನು ಟಿವಿ ಸ್ಟ್ಯಾಂಡಿನಿಂದ ಎದುರಿನ ಪುಸ್ತಕದ ಕಪಾಟಿಗೆ ಸಾಗಿಸಿದೆ. ಮುಂದಿನ ವಾರ ರಾತ್ರಿಯ ಹೊತ್ತು ಒಂದೇ ಗೆರೆ. ಇಯರ್‌ಫೋನ್ ಬದಲಿಸಿದೆ, ಹಳೆಯದರ ಪಿನ್ ಹತ್ತಿರ ರಬ್ಬರ್ ಬಿರುಕು ಬಿಟ್ಟಿತ್ತು.

ಆ ಒಂದು ಗೆರೆಯನ್ನೂ ಅಳಿಸಬೇಕು ಅಂತ ಹಟಕ್ಕೆ ಬಿದ್ದು ಸೆನ್ಸಿಟಿವಿಟಿ ಎರಡು ಮೆಟ್ಟಿಲು ಇಳಿಸಿದೆ. ಮೂರನೇ ದಿನ ಅಡುಗೆಮನೆಯಿಂದ ಅಮ್ಮ ಟೈಮರ್ ಇಡಲು ನಾಲ್ಕು ಸಲ ಕರೆದು, ಅದು ಏಳದೆ, ಬೇಳೆ ತಳ ಹತ್ತಿತು. ಸಂಜೆ ಸೆನ್ಸಿಟಿವಿಟಿಯನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟೆ. ವಾರಕ್ಕೊಂದು ಸಲ ಸುಮ್ನೆ ಏಳುತ್ತದೆ, ಏಳಲಿ.

## "ಒಂದನ್ನು ಕರೆದರೆ ಇನ್ನೊಂದೂ ಏಳುತ್ತದೆ"

ಫೋನ್, ಸ್ಪೀಕರ್, ವಾಚು, ಟಿವಿ ಎಲ್ಲಕ್ಕೂ ಒಂದೇ ಹೆಸರಿದ್ದರೆ ಒಂದು ಕರೆಗೆ ಇಬ್ಬರು ಓಗೊಡುತ್ತಾರೆ. ಎಲ್ಲವೂ ಒಂದೇ ಖಾತೆಯಲ್ಲಿ, ಒಂದೇ ವೈಫೈಯಲ್ಲಿ ಇವೆಯಾ ನೋಡಿ. ಆಗ ಸಾಮಾನ್ಯವಾಗಿ ಒಂದೇ ಉತ್ತರ ಹೇಳುತ್ತದೆ. ಆಗಲೂ ಗೋಜಲಿದ್ದರೆ ಮನೆಯಲ್ಲಿರುವಾಗ ಸ್ಪೀಕರ್ ಸಾಕು ಅಂತ ಫೋನಿನ `Hey Google` ಆಫ್ ಮಾಡಿಬಿಡಿ.

## ಮೈಕ್ ಪರ್ಮಿಷನ್: ಯಾವಾಗ ಮುಟ್ಟಬೇಕು

ಫೋನಿನಲ್ಲಿ ಹಾಟ್‌ವರ್ಡ್ ಬೇಡವೇ ಬೇಡ ಅನ್ನಿಸಿದರೆ `Hey Google` ಅನ್ನುವ ಸ್ವಿಚ್ಚನ್ನೇ ಆಫ್ ಮಾಡಿ. ಗೂಗಲ್ ಆ್ಯಪ್‌ನ ಮೈಕ್ ಪರ್ಮಿಷನ್ ತೆಗೆಯಬೇಡಿ. ತೆಗೆದರೆ ದನಿಯಲ್ಲಿ ಹುಡುಕುವುದೂ ಹೋಗುತ್ತದೆ. ಅಮ್ಮನಿಗೆ ಟೈಪಿಂಗ್ ಬರದೆ ಮೈಕ್ ಒತ್ತಿಯೇ ಹುಡುಕುವ ಅಭ್ಯಾಸವಿದ್ದರೆ ಮಾರನೇ ದಿನ ನಿಮಗೇ ಫೋನ್ ಬರುತ್ತದೆ.

ಪರ್ಮಿಷನ್ ಪುಟ ಕೆಲಸಕ್ಕೆ ಬರುವುದು ಪತ್ತೇದಾರಿಗೆ. 2021ರಲ್ಲಿ ಬಂದ ಆಂಡ್ರಾಯ್ಡ್ 12 ಮತ್ತು ಅದರ ನಂತರದವುಗಳಲ್ಲಿ ಯಾವುದೇ ಆ್ಯಪ್ ಮೈಕ್ ಬಳಸಿದರೆ ಪರದೆಯ ಮೇಲ್ಭಾಗದ ಬಲ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. ಐಫೋನಿನಲ್ಲಿ ಕಿತ್ತಳೆ ಚುಕ್ಕಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ `Privacy dashboard` ತೆರೆದು ಮೈಕ್ ಒತ್ತಿದರೆ ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಮೈಕ್ ತೆರೆದಿತ್ತು ಅಂತ ಪಟ್ಟಿ ಬರುತ್ತದೆ. ನಿಮ್ಮ ಚೀಟಿಯ ಹೊತ್ತನ್ನು ಇದರ ಪಕ್ಕದಲ್ಲಿಡಿ. ಎರಡೂ ಕಡೆ ಅಸಿಸ್ಟೆಂಟ್ ಹೆಸರೇ ಇದ್ದರೆ ಸರಿ. ಟಾರ್ಚ್ ಆ್ಯಪೋ, ವಾಲ್‌ಪೇಪರ್ ಆ್ಯಪೋ ಮೈಕ್ ತೆರೆದಿದ್ದರೆ ಅದಕ್ಕೆ `Don't allow` ಕೊಟ್ಟು ಅಳಿಸಿಹಾಕಿ.

ಮೇಲಿನಿಂದ ಕೆಳಗೆ ಎಳೆದರೆ ಬರುವ ಪಟ್ಟಿಯಲ್ಲಿ `Mic access` ಅನ್ನುವ ಗುಂಡಿಯೂ ಇದೆ. ಅದನ್ನು ಆಫ್ ಮಾಡಿದರೆ ಎಲ್ಲ ಆ್ಯಪ್‌ಗಳಿಗೂ ಮೈಕ್ ಬಂದ್, ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್‌ನಲ್ಲೂ ದನಿ ಬರುವುದಿಲ್ಲ. ಮೀಟಿಂಗ್ ಹೊತ್ತಿನಲ್ಲಿ ಅರ್ಧ ಗಂಟೆ ಆಫ್ ಮಾಡಲು ಇದು ಚೆನ್ನ. ಆಮೇಲೆ ಆನ್ ಮಾಡುವುದನ್ನು ಮರೆತು "ಮೈಕ್ ಕೆಟ್ಟಿದೆ" ಅಂತ ಅಂಗಡಿಗೆ ಹೋದವರಿದ್ದಾರೆ.

## ಇಲ್ಲಿಗೆ ನಿಲ್ಲಿಸಿ, ಬೇರೆಯವರಿಗೆ ತೋರಿಸಿ

ಸ್ಪೀಕರಿನ ಮೈಕ್ ಸ್ವಿಚ್ ಆಫ್ ಮಾಡಿ, ಗೂಗಲ್‌ನಲ್ಲಿ ಕಿತ್ತಳೆ ದೀಪ ಅಥವಾ ಅಲೆಕ್ಸಾದಲ್ಲಿ ಕೆಂಪು ದೀಪ ಬಂದ ಮೇಲೂ ಅದು ಮಾತಿಗೆ ಏಳುತ್ತಿದ್ದರೆ ಸಾಧನದಲ್ಲೇ ದೋಷವಿದೆ. ಪ್ಲಗ್ ಕಿತ್ತು ಸರ್ವಿಸ್ ಸೆಂಟರಿಗೆ ಕೊಡಿ, ನೀವೇ ಬಿಚ್ಚಬೇಡಿ. ಅಸಿಸ್ಟೆಂಟ್ ಪಟ್ಟಿಯಲ್ಲಿ ನಿಮ್ಮ ಮನೆಯಲ್ಲಿ ಇಲ್ಲದ ಸಾಧನದ ಹೆಸರು, ಗೊತ್ತಿಲ್ಲದವರ ಪ್ರಶ್ನೆಗಳು ಕಂಡರೆ ಅದು ಹಾಟ್‌ವರ್ಡ್ ವಿಷಯವೇ ಅಲ್ಲ, ಖಾತೆಯ ವಿಷಯ. ಕೂಡಲೇ ಪಾಸ್‌ವರ್ಡ್ ಬದಲಿಸಿ, ಇಲ್ಲಿ ಹೋಗಿ ಪರಿಚಯವಿಲ್ಲದ ಸಾಧನಗಳನ್ನು ಹೊರಹಾಕಿ:

```
myaccount.google.com/device-activity
```

ಸುಳ್ಳು ಎಚ್ಚರ ಬರೀ ಕಿರಿಕಿರಿಯಾಗಿ ಉಳಿಯದ ಸಂದರ್ಭಗಳೂ ಇವೆ. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಮನೆಯ ಎಕೋ ಸ್ಪೀಕರ್ ಗಂಡ ಹೆಂಡತಿಯ ಮಾತನ್ನು ರೆಕಾರ್ಡ್ ಮಾಡಿ ಅವರ ಪರಿಚಯದವರೊಬ್ಬರಿಗೆ ಕಳಿಸಿಬಿಟ್ಟಿತ್ತು. ಅಮೆಜಾನ್ ಕೊಟ್ಟ ವಿವರಣೆ ಹೀಗಿತ್ತು: ಮಾತಿನ ನಡುವಿನ ಒಂದು ಪದ "ಅಲೆಕ್ಸಾ" ಅಂತ ಕೇಳಿಸಿತು, ಮುಂದಿನ ಮಾತು "ಮೆಸೇಜ್ ಕಳಿಸು" ಅಂತ ಕೇಳಿಸಿತು, "ಯಾರಿಗೆ?" ಅಂತ ಅದು ಕೇಳಿದಾಗ ಹಿನ್ನೆಲೆಯ ಮಾತು ಒಂದು ಹೆಸರಿನ ಹಾಗೆ ಕೇಳಿಸಿತು, ಆ ಹೆಸರು ಸರಿಯಾ ಅಂತ ಅದು ಕೇಳಿದಾಗ ಇನ್ನೊಂದು ಮಾತು "ರೈಟ್" ಅಂತ ಕೇಳಿಸಿತು. ನಾಲ್ಕೂ ತಪ್ಪು ಸಾಲಾಗಿ ಬಿದ್ದವು. ಹಾಗಾಗಿ ಸುಳ್ಳು ಎಚ್ಚರ ನಿಲ್ಲುವವರೆಗೆ ಅಸಿಸ್ಟೆಂಟಿನಿಂದ ಕರೆ, ಮೆಸೇಜ್ ಮಾಡುವ ಸೌಲಭ್ಯ ಆಫ್ ಇರಲಿ. ದನಿಯಿಂದ ಖರೀದಿಗೆ ಪಿನ್ ಹಾಕಿ. ಬಾಗಿಲ ಬೀಗ, ಗೀಸರ್ ಅದಕ್ಕೆ ಜೋಡಿಸಿದ್ದರೆ ತೆಗೆದುಬಿಡಿ. ಬೇಡದ ಮಾತು ಕೇಳಿಸಿಕೊಂಡಿತು ಅಂತ ಗೊತ್ತಾದ ಕೂಡಲೇ "ಹೇ ಗೂಗಲ್, ದಟ್ ವಾಸ್ನ್ಟ್ ಫಾರ್ ಯೂ" ಅಂದರೆ ಕೊನೆಯದನ್ನು ಅಳಿಸುತ್ತದೆ. ಅಲೆಕ್ಸಾಗೆ "ಡಿಲೀಟ್ ವಾಟ್ ಐ ಜಸ್ಟ್ ಸೆಡ್" ಅನ್ನಬೇಕು. ಆದರೆ ಅಲೆಕ್ಸಾದಲ್ಲಿ ಇದಕ್ಕೆ ಮೊದಲು ಆ್ಯಪ್‌ನ `Alexa Privacy` ಒಳಗೆ ದನಿಯಿಂದ ಅಳಿಸುವ ಅನುಮತಿ ಕೊಟ್ಟಿರಬೇಕು.

ಇನ್ನೊಂದು ಮಾತು. ಒಬ್ಬರೇ ಇರುವ ಹಿರಿಯರು ಬಿದ್ದರೆ ಎದ್ದರೆ ಮಗನಿಗೆ ಕರೆ ಮಾಡಲಿ ಅಂತ ಸ್ಪೀಕರ್ ಇಟ್ಟಿದ್ದರೆ ಮೇಲೆ ಹೇಳಿದ ಕರೆಯ ಸೌಲಭ್ಯವನ್ನೂ ಸೆನ್ಸಿಟಿವಿಟಿಯನ್ನೂ ಮುಟ್ಟಬೇಡಿ. ಟಿವಿಯಿಂದ ದೂರ ಸರಿಸಿ, ಉತ್ತರದ ನಂತರದ ಮೈಕ್ ಆಫ್ ಮಾಡಿ. ಆಮೇಲೆ ಅವರು ಮಲಗುವ ಜಾಗದಿಂದ, ಬಾತ್‌ರೂಮ್ ಬಾಗಿಲಿನಿಂದ ಅವರ ಕೈಲೇ ಕರೆಸಿ, ಅದು ಏಳುತ್ತದಾ ನೋಡಿಕೊಂಡು ಬನ್ನಿ.